'ಥಂಡರ್‌ಬೋಲ್ಟ್ಸ್' ನೋಡೋಕೆ ಇಪ್ಪತ್ತೈದು ಗಂಟೆ ಹೋಮ್‌ವರ್ಕ್ ಬೇಕಾ?

ಪ್ರಶ್ನೆ: ಮಾರ್ವೆಲ್ ಸಿನಿಮಾಗಳನ್ನು 2019ರ 'ಎಂಡ್‌ಗೇಮ್' ತನಕ ಒಂದೂ ಬಿಡದೆ ನೋಡಿದ್ದೆ. ಆಮೇಲೆ ಮದುವೆ, ಮಗು, ಕೆಲಸ ಅಂತ ಬಿಟ್ಟುಹೋಯ್ತು. ಈಗ ನನ್ನ ತಮ್ಮ, ಮನೆಗೆ ಬಂದಾಗ 'ಥಂಡರ್‌ಬೋಲ್ಟ್ಸ್' ನೋಡೋಣ ಅಂತಾನೆ. ಆದರೆ ಅದಕ್ಕೆ ಮುಂಚೆ ಐದು ಸಿನಿಮಾ, ಮೂರು ಸರಣಿ ಮುಗಿಸಿರಬೇಕಂತೆ, ಪಟ್ಟಿ ಕಳಿಸಿದ್ದಾನೆ. ಇಷ್ಟೆಲ್ಲ ನೋಡಲೇಬೇಕಾ? ಇನ್ನೊಂದು, ನನ್ನ ಹೆಂಡತಿ ಇದರಲ್ಲಿ ಒಂದೂ ನೋಡಿಲ್ಲ. ಅವಳಿಗೆ ಮೊದಲಿಂದ ತೋರಿಸುವುದಾದರೆ ಬಿಡುಗಡೆಯಾದ ಕ್ರಮವೋ, ಕಥೆ ನಡೆಯುವ ಕಾಲಕ್ರಮವೋ?

ಉತ್ತರ: ತಮ್ಮನ ಪಟ್ಟಿಯಲ್ಲಿ 'ಬ್ಲ್ಯಾಕ್ ವಿಡೋ' ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿ. ಎರಡು ಗಂಟೆ ಹದಿನಾಲ್ಕು ನಿಮಿಷ, ಒಂದು ರಾತ್ರಿಯ ಕೆಲಸ. ನಿಮ್ಮ ಮನೆಯವರಿಗೆ ತೋರಿಸುವಾಗ ಬಿಡುಗಡೆಯ ಕ್ರಮವನ್ನೇ ಹಿಡಿಯಿರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಲೆಕ್ಕ ಮುಂದಿನ ಸಿನಿಮಾಕ್ಕೂ ಬೇಕಾಗುತ್ತದೆ.

ಪಟ್ಟಿಯನ್ನು ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಇಂಥ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: 'ಆ್ಯಂಟ್‌ಮ್ಯಾನ್ ಆ್ಯಂಡ್ ದ ವಾಸ್ಪ್' ಇನ್ನೊಮ್ಮೆ ನೋಡು, 'ಬ್ಲ್ಯಾಕ್ ವಿಡೋ', 'ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್', 'ವಕಾಂಡಾ ಫಾರೆವರ್', 'ಬ್ರೇವ್ ನ್ಯೂ ವರ್ಲ್ಡ್', ಸರಣಿಗಳಲ್ಲಿ 'ವಾಂಡಾವಿಷನ್', 'ದ ಫಾಲ್ಕನ್ ಆ್ಯಂಡ್ ದ ವಿಂಟರ್ ಸೋಲ್ಜರ್', 'ಹಾಕ್‌ಐ'. ಕೂಡಿದರೆ ಇಪ್ಪತ್ತೈದು ಗಂಟೆ ದಾಟುತ್ತದೆ. ಒಂದು ಸಿನಿಮಾ ನೋಡಲು ಇಷ್ಟು ಪೀಠಿಕೆ ಅಂದರೆ ಯಾರಿಗಾದರೂ ಉಮೇದು ಇಳಿದುಹೋಗುತ್ತದೆ. ಪಟ್ಟಿ ಮಾಡುವವರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ, ಅಲ್ಲೇ ಎಡವುವುದು.

ಹಳೆಯ ಕಂತಿನಿಂದ ಹೊಸ ಸಿನಿಮಾಕ್ಕೆ ಎರಡು ಥರದ ಸರಕು ಬರುತ್ತದೆ. ಒಂದು ಮಾಹಿತಿ: ಇವನು ಯಾರು, ಅವನ ಶಕ್ತಿ ಏನು, ಯಾವ ಕಡೆಯವನು. ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು: ಇವಳು ಯಾರನ್ನು ಕಳಕೊಂಡಳು, ಅದು ನಮ್ಮನ್ನೂ ಎಷ್ಟು ನೋಯಿಸಿದೆ. ಮಾಹಿತಿಯನ್ನು ಒಂದು ವಾಕ್ಯದಲ್ಲಿ ದಾಟಿಸಬಹುದು. ಸೋಫಾದಲ್ಲಿ ಪಕ್ಕ ಕೂತ ನಿಮ್ಮ ತಮ್ಮನೇ ಪಿಸುಗುಟ್ಟಬಹುದು. ಎರಡನೆಯದನ್ನು ಯಾರೂ ಪಿಸುಗುಟ್ಟಲಾರರು, ಅದನ್ನು ಕೂತು ನೋಡಿಯೇ ಪಡೆಯಬೇಕು. ಹಾಗಾಗಿ ಹೊಸ ಸಿನಿಮಾ ಯಾವ ಹಳೆಯ ನೋವನ್ನು ಖರ್ಚು ಮಾಡುತ್ತಿದೆಯೋ ಅದೊಂದನ್ನು ಮಾತ್ರ ಹುಡುಕಿ ನೋಡಬೇಕು.

ಈ ಕೋಲಿನಿಂದ 'ಥಂಡರ್‌ಬೋಲ್ಟ್ಸ್' ಅಳೆಯೋಣ. ತಂಡದ ಒಬ್ಬೊಬ್ಬರನ್ನೇ ಎತ್ತಿಕೊಳ್ಳಿ.

ಬಕಿ ನಿಮಗೆ ಗೊತ್ತು. ಅವನು ಈಗ ಅಮೆರಿಕದ ಸಂಸತ್ತಿನ ಸದಸ್ಯ, ಅಷ್ಟು ಸಾಕು. ಏವಾ ಅಂದರೆ ಘೋಸ್ಟ್, ಗೋಡೆಯ ಮೂಲಕ ತೂರಿಕೊಂಡು ಹೋಗುವವಳು, 2018ರ ಆ್ಯಂಟ್‌ಮ್ಯಾನ್ ಚಿತ್ರದಲ್ಲಿ ಬಂದಿದ್ದಳು. ಹೊಸ ಚಿತ್ರ ಅವಳ ಹಿಂದಿನ ಕಥೆಯ ಗೊಡವೆಗೇ ಹೋಗುವುದಿಲ್ಲ, ಅವಳು ಗೋಡೆ ತೂರುವುದನ್ನು ಒಮ್ಮೆ ಕಂಡರೆ ಮುಗಿಯಿತು. ಜಾನ್ ವಾಕರ್ ಸ್ಟೀವ್ ನಂತರ ಸರ್ಕಾರ ನೇಮಿಸಿದ್ದ ಹೊಸ ಕ್ಯಾಪ್ಟನ್ ಅಮೆರಿಕ. ಶರಣಾಗುತ್ತಿದ್ದವನನ್ನು ಜನರ ಕಣ್ಣೆದುರೇ ಆ ಗುರಾಣಿಯಿಂದ ಕೊಂದು ಪದವಿ ಕಳಕೊಂಡ. ಆ ಕೊಲೆ 'ಫಾಲ್ಕನ್' ಸರಣಿಯ ಆರು ಕಂತುಗಳ ಪೈಕಿ ನಾಲ್ಕನೆಯದರ ಕೊನೆಯಲ್ಲಿದೆ. ಕುತೂಹಲವಿದ್ದರೆ ಆ ಕಂತಿನ ಕಡೆಯ ಹತ್ತು ನಿಮಿಷ ನೋಡಿ, ಗುರಾಣಿಯ ಅಂಚಿಗೆ ಅಂಟಿದ ರಕ್ತ ಕಣ್ಣಲ್ಲಿ ಉಳಿಯುತ್ತದೆ. ಆರೂ ಕಂತು ಬೇಡ. ವ್ಯಾಲೆಂಟಿನಾ ಎಲ್ಲರನ್ನೂ ಕುಣಿಸುವ ಅಧಿಕಾರಿ, ಸಿಐಎ ನಿರ್ದೇಶಕಿ, ತನ್ನ ಕೊಳಕು ಕೆಲಸಗಳ ಪುರಾವೆ ಅಳಿಸಲು ಹೊರಟವಳು. ಇದನ್ನು ಚಿತ್ರವೇ ಮೊದಲ ಹದಿನೈದು ನಿಮಿಷದಲ್ಲಿ ಹೇಳುತ್ತದೆ. 'ವಕಾಂಡಾ ಫಾರೆವರ್'ನಲ್ಲಿ ಅವಳಿರುವುದು ಕೆಲವೇ ದೃಶ್ಯಗಳಲ್ಲಿ, ಅದಕ್ಕಾಗಿ ಎರಡೂಮುಕ್ಕಾಲು ಗಂಟೆ ಯಾಕೆ? ಬಾಬ್ ಎಂಬ ಪೈಜಾಮದ ಹುಡುಗ ಪೂರ್ತಿ ಹೊಸಬ. ನಿಮಗೂ ಹೊಸಬ, ಎಲ್ಲವನ್ನೂ ನೋಡಿ ಮುಗಿಸಿದ ನಿಮ್ಮ ತಮ್ಮನಿಗೂ ಹೊಸಬ.

ಉಳಿದವರು ಯೆಲೆನಾ ಮತ್ತು ಅಲೆಕ್ಸಿ. ಚಿತ್ರದ ಜೀವ ಇರುವುದು ಇವರಿಬ್ಬರಲ್ಲಿ.

'ಬ್ಲ್ಯಾಕ್ ವಿಡೋ' ಶುರುವಾಗುವುದು 1995ರ ಓಹಾಯೋದ ಒಂದು ಸಾಧಾರಣ ಮನೆಯ ಅಂಗಳದಲ್ಲಿ. ಅಕ್ಕ ತಂಗಿ ಆಡುತ್ತಾರೆ, ಚಿಕ್ಕವಳು ಮಂಡಿ ತರಚಿಕೊಂಡು ಅಳುತ್ತಾಳೆ, ಅಮ್ಮ ಸಮಾಧಾನ ಮಾಡುತ್ತಾಳೆ, ಸಂಜೆಗತ್ತಲಲ್ಲಿ ಮಿಂಚುಹುಳ. ಅಪ್ಪ ಮನೆಗೆ ಬರುತ್ತಾನೆ, ತಟ್ಟೆಯ ಊಟ ಹಾಗೇ ಬಿಟ್ಟು ಎಲ್ಲರೂ ಓಡುತ್ತಾರೆ. ಆಗ ಗೊತ್ತಾಗುತ್ತದೆ: ಇದು ಕುಟುಂಬವೇ ಅಲ್ಲ, ರಷ್ಯಾದ ಗೂಢಚಾರರು ಕಟ್ಟಿದ ವೇಷ. ಅಪ್ಪ ಅಪ್ಪನಲ್ಲ, ಅಕ್ಕ ಅಕ್ಕನಲ್ಲ. ಅಪ್ಪನ ವೇಷದವನೇ ಅಲೆಕ್ಸಿ, ಅಕ್ಕನ ವೇಷದವಳು ನತಾಶಾ, ಆ ಚಿಕ್ಕವಳು ಯೆಲೆನಾ. ಇಪ್ಪತ್ತು ವರ್ಷದ ಮೇಲೆ ನಾಲ್ವರೂ ಮತ್ತೆ ಒಂದು ಊಟದ ಮೇಜಿಗೆ ಕೂರುತ್ತಾರೆ. ಉಳಿದವರು ಅದೆಲ್ಲ ನಾಟಕ ಅನ್ನುವಂತೆ ಮಾತಾಡುವಾಗ, ತನಗೆ ಅದು ನಿಜವೇ ಆಗಿತ್ತು ಅಂತ ಯೆಲೆನಾ ಒಡೆದುಹೋಗುತ್ತಾಳೆ. ಯೆಲೆನಾ ಆಗಿರುವ ಫ್ಲಾರೆನ್ಸ್ ಪ್ಯೂ ಆ ದೃಶ್ಯದಲ್ಲಿ ಮುಖ ಕಿವುಚುವ ರೀತಿ ನೋಡಿದವರಿಗೆ 'ಥಂಡರ್‌ಬೋಲ್ಟ್ಸ್'ನಲ್ಲಿ ಅವಳು ನ್ಯೂಯಾರ್ಕ್‌ನ ಬೀದಿಯಲ್ಲಿ ಅಲೆಕ್ಸಿಯ ಎದುರು ನಿಲ್ಲುವಾಗ ಗಂಟಲು ಕಟ್ಟುತ್ತದೆ. ನೋಡದವರಿಗೆ ಅಲ್ಲಿ ಕಾಣುವುದು ಗಡ್ಡದ ತಮಾಷೆಯ ಅಪ್ಪ, ಬೇಸತ್ತ ಮಗಳು, ಅಷ್ಟೆ. ದೃಶ್ಯ ಅರ್ಥವಾಗುತ್ತದೆ, ತೂಕ ಅರ್ಧ ಆಗುತ್ತದೆ. ಆ ಉಳಿದರ್ಧಕ್ಕಾಗಿಯೇ ಒಂದು ರಾತ್ರಿ ಕೊಡಿ ಅನ್ನುತ್ತಿರುವುದು.

'ಹಾಕ್‌ಐ' ಸರಣಿಯಲ್ಲೂ ಯೆಲೆನಾ ಇದ್ದಾಳೆ. ಐದನೇ ಕಂತಿನಲ್ಲಿ ತಾನು ಹೊಡೆಯಲು ಬಂದವನ ಶಿಷ್ಯೆಯ ಮನೆಗೇ ನುಗ್ಗಿ, ಕೂತು ಮ್ಯಾಕರೋನಿ ತಿನ್ನುತ್ತ ಹರಟೆ ಹೊಡೆಯುವ ದೃಶ್ಯ ನನಗೆ ಬಹಳ ಇಷ್ಟ. ಆದರೆ 'ಥಂಡರ್‌ಬೋಲ್ಟ್ಸ್'ಗೆ ಅದರಿಂದ ಬರುವುದು ಏನೂ ಇಲ್ಲ. ಇಷ್ಟಕ್ಕಾಗಿ ನೋಡಿ, ಹೋಮ್‌ವರ್ಕ್ ಅಂತಲ್ಲ.

ಚಿತ್ರ ತಾನೇ ಎಷ್ಟು ಒದಗಿಸಿಕೊಡುತ್ತದೆ ಅನ್ನುವುದನ್ನೂ ನೋಡಬೇಕು. 'ಥಂಡರ್‌ಬೋಲ್ಟ್ಸ್' ತೆರೆಯುವುದೇ ಯೆಲೆನಾಳ ದನಿಯಿಂದ. ಕೌಲಾಲಂಪುರದ ಗಗನಚುಂಬಿಯ ತುದಿಯಲ್ಲಿ ನಿಂತು, ಒಳಗೊಂದು ಶೂನ್ಯ ತುಂಬಿದೆ, ಅಕ್ಕ ಸತ್ತಾಗ ಶುರುವಾಯಿತು ಅಂದುಕೊಂಡಿದ್ದೆ ಎಂಬರ್ಥದ ಮಾತಾಡಿ ಕೆಳಗೆ ಹಾರುತ್ತಾಳೆ. ಮೊದಲ ನಿಮಿಷದಲ್ಲೇ ಹಿಂದಿನದೆಲ್ಲದರ ಸಾರ. ನಮ್ಮಲ್ಲಿ ಇದು ಹೊಸದೇನಲ್ಲ. ರನ್ನ 'ಗದಾಯುದ್ಧ'ದಲ್ಲಿ ಎತ್ತಿಕೊಂಡದ್ದು ಭೀಮ ದುರ್ಯೋಧನರ ಕಡೆಯ ಕಾಳಗ, ಆದರೆ ಸಿಂಹಾವಲೋಕನ ಕ್ರಮದಲ್ಲಿ ಇಡೀ ಭಾರತವನ್ನೇ ಅದರೊಳಗೆ ತಂದ. ಓದುಗ ಹದಿನೆಂಟು ಪರ್ವ ಮುಗಿಸಿ ಬರಬೇಕಿಲ್ಲ. ಒಳ್ಳೆಯ ಚಿತ್ರಕಥೆಗಾರನೂ ಹಾಗೆಯೇ ಹಿಂತಿರುಗಿ ನೋಡುತ್ತ ನಡೆಯುತ್ತಾನೆ.

ಹಾಗೆ ನಡೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ತಮ್ಮನ ಪಟ್ಟಿಯಲ್ಲೇ ಉದಾಹರಣೆ ಇದೆ: 2022ರ 'ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್'. ನೀವು ವಾಂಡಾಳನ್ನು ಕೊನೆಯ ಸಲ ನೋಡಿದ್ದು 'ಎಂಡ್‌ಗೇಮ್'ನಲ್ಲಿ, ವಿಷನ್‌ನನ್ನು ಕಳಕೊಂಡು ಥಾನೋಸ್ ಮೇಲೆ ಎರಗಿದವಳಾಗಿ. ಈ ಚಿತ್ರದಲ್ಲಿ ಅವಳು ಇಲ್ಲದ ಮಕ್ಕಳಿಗಾಗಿ ಜಗತ್ತುಗಳನ್ನೇ ಸುಡಲು ಹೊರಟ ರಾಕ್ಷಸಿ. ನಡುವೆ ಆದದ್ದೆಲ್ಲ 'ವಾಂಡಾವಿಷನ್' ಎಂಬ ಒಂಬತ್ತು ಕಂತಿನ ಸರಣಿಯಲ್ಲಿದೆ. ಚಿತ್ರ ಮಾಹಿತಿ ಕೊಡುವುದಿಲ್ಲ ಅಂತಲ್ಲ. ತೋಟದಲ್ಲಿ ಚಿತ್ರದ ನಾಯಕ ಸ್ಟ್ರೇಂಜ್ ಅವಳ ಜೊತೆ ಮಾತಾಡುವಾಗ ಎಲ್ಲ ಬರುತ್ತದೆ. ಆದರೆ ತಾಯಿಯ ಸಂಕಟ ಒಂದು ಸಂಭಾಷಣೆಯಲ್ಲಿ ದಾಟುವುದಿಲ್ಲ. ಚಿತ್ರಮಂದಿರಕ್ಕೆ ಟಿಕೆಟ್ ಕೊಂಡು ಬಂದವನ ಪಾಲಿನ ಕಣ್ಣೀರು ಇನ್ನೊಂದು ಚಂದಾದ ಹಿಂದೆ ಉಳಿದುಬಿಟ್ಟಿತು. ತಮಾಷೆ ಅಂದರೆ, ಹೋಮ್‌ವರ್ಕ್ ಮಾಡಿ ಬಂದವರಿಗೂ ಸುಖವಾಗಲಿಲ್ಲ. ಸರಣಿಯ ಕೊನೆಯಲ್ಲಿ ವಾಂಡಾ ಆ ಮಕ್ಕಳನ್ನು ತಾನೇ ಬಿಟ್ಟುಕೊಟ್ಟು ದುಃಖವನ್ನು ಒಪ್ಪಿಕೊಂಡಿರುತ್ತಾಳೆ. ಸಿನಿಮಾ ಅವಳನ್ನು ಮತ್ತೆ ಮೊದಲಿನ ಜಾಗಕ್ಕೇ ಎಳೆದು ನಿಲ್ಲಿಸುತ್ತದೆ. ಶ್ರದ್ಧೆಯಿಂದ ಓದಿ ಬಂದವನಿಗೇ ಹೆಚ್ಚು ಕಿರಿಕಿರಿ. ಇದು ನೋಡುಗನ ತಪ್ಪಲ್ಲ, ಬರವಣಿಗೆಯ ತಪ್ಪು.

ಹಾಗಂತ ಹೋಮ್‌ವರ್ಕ್ ಕೇಳುವುದೇ ಅನ್ಯಾಯ ಅಂತ ನನ್ನ ವಾದವಲ್ಲ. 2022ರಲ್ಲಿ 'ವಿಕ್ರಮ್' ತೆರೆಗೆ ಬರುವ ಮುನ್ನ ನಿರ್ದೇಶಕ ಲೋಕೇಶ್ ಕನಗರಾಜ್ ತಾವೇ ಪ್ರೇಕ್ಷಕರಿಗೆ 'ಕೈದಿ' ಇನ್ನೊಮ್ಮೆ ನೋಡಿ ಬನ್ನಿ ಅಂದಿದ್ದರು. ಒಂದೇ ಚಿತ್ರ, ಒಂದೇ ರಾತ್ರಿಯ ಕಥೆ, ಎಲ್ಲರ ಕೈಗೂ ಸಿಗುವಂಥದ್ದು. ಬೆಂಗಳೂರಿನಲ್ಲಿ ನಾನು ನೋಡಿದ ಆಟದಲ್ಲಿ 'ಕೈದಿ'ಯ ಇನ್‌ಸ್ಪೆಕ್ಟರ್ ಬಿಜೋಯ್ ಮುಖ ಕಂಡೊಡನೆ ಅರ್ಧ ಮಂದಿ ಶಿಳ್ಳೆ ಹೊಡೆದರು, ಉಳಿದರ್ಧ ಇವನ್ಯಾರು ಅಂತ ಪಕ್ಕದವರನ್ನು ಕೇಳಿದರು, ಎರಡು ನಿಮಿಷದಲ್ಲಿ ಎಲ್ಲರೂ ಒಂದೇ ಕಡೆ ಇದ್ದರು. ಕೇಳುವುದಾದರೆ ಅಷ್ಟು ಕೇಳಬೇಕು.

ಇನ್ನು ನಿಮ್ಮ ಮನೆಯವರ ವಿಷಯ. ಕಥೆಯ ಕಾಲಕ್ರಮ ಕೇಳಲು ಬಹಳ ಶಿಸ್ತಾಗಿದೆ ಅನ್ನಿಸುತ್ತದೆ: ಮೊದಲು ಎರಡನೇ ಮಹಾಯುದ್ಧದ 'ದ ಫಸ್ಟ್ ಅವೆಂಜರ್', ಆಮೇಲೆ 1995ರಲ್ಲಿ ನಡೆಯುವ 'ಕ್ಯಾಪ್ಟನ್ ಮಾರ್ವೆಲ್', ಆಮೇಲೆ 'ಐರನ್ ಮ್ಯಾನ್', ಹೀಗೆ. ನನ್ನ ಅಕ್ಕನ ಮಗಳಿಗೆ ಒಂದು ಬೇಸಿಗೆ ರಜೆಯಲ್ಲಿ ಇದೇ ಕ್ರಮದಲ್ಲಿ ತೋರಿಸಲು ಹೊರಟು ಎರಡನೇ ಚಿತ್ರಕ್ಕೇ ಮುಗ್ಗರಿಸಿದೆ. 'ಕ್ಯಾಪ್ಟನ್ ಮಾರ್ವೆಲ್' ಮುಗಿದು ಹೆಸರುಗಳು ಬರುವಾಗ ನಡುವೆ ಒಂದು ತುಣುಕು ಬರುತ್ತದೆ. ಸ್ಟೀವ್, ನತಾಶಾ, ಬ್ರೂಸ್, ರೋಡಿ ಒಂದು ಪೇಜರ್ ಸುತ್ತ ನಿಂತಿರುತ್ತಾರೆ, ಪರದೆಗಳ ಮೇಲೆ ಕಾಣೆಯಾದವರ ಲೆಕ್ಕ ಏರುತ್ತಿರುತ್ತದೆ. "ಮಾಮಾ, ಇವರೆಲ್ಲ ಯಾರು? ಯಾರು ಕಾಣೆಯಾಗಿರೋದು?" ಅಂದಳು. ಏನು ಹೇಳಲಿ? ಅದು 'ಇನ್ಫಿನಿಟಿ ವಾರ್' ಮುಗಿದ ನಂತರದ ದೃಶ್ಯ. ಇಡೀ ಹತ್ತು ವರ್ಷದ ಕಥೆಯ ದೊಡ್ಡ ಪೆಟ್ಟು ಎರಡನೇ ದಿನವೇ ಅರ್ಧ ಬಿಟ್ಟುಕೊಟ್ಟಂತಾಯಿತು.

ಇದೊಂದೇ ಅಲ್ಲ. ನಿಕ್ ಫ್ಯೂರಿಯ ಕಣ್ಣು ನೆನಪಿದೆಯಲ್ಲ? 2014ರ 'ವಿಂಟರ್ ಸೋಲ್ಜರ್'ನಲ್ಲಿ ಫ್ಯೂರಿ, ಹಿಂದೆ ಒಬ್ಬರನ್ನು ನಂಬಿ ಕಣ್ಣು ಕಳಕೊಂಡೆ ಅನ್ನುತ್ತಾನೆ. ನಾವೆಲ್ಲ ಯಾವುದೋ ಘೋರ ದ್ರೋಹ ಅಂತ ಐದು ವರ್ಷ ಊಹಿಸಿದ್ದೆವು. 2019ರ 'ಕ್ಯಾಪ್ಟನ್ ಮಾರ್ವೆಲ್'ನಲ್ಲಿ ನಿಜ ಗೊತ್ತಾಯಿತು: ಬೆಕ್ಕು ಪರಚಿದ್ದು. ಬೆಕ್ಕಿನ ರೂಪದ ಅನ್ಯಲೋಕದ ಪ್ರಾಣಿ, ಆದರೂ ಬೆಕ್ಕೇ. ಆ ನಗು ಹುಟ್ಟುವುದು ಗಂಭೀರ ಮಾತು ಮೊದಲು, ಬೆಕ್ಕು ಆಮೇಲೆ ಬಂದರೆ ಮಾತ್ರ. ಕ್ರಮ ತಿರುಗಿಸಿದರೆ ಬೆಕ್ಕು ಬರೀ ಬೆಕ್ಕು, ಗಂಭೀರ ಮಾತು ಬರೀ ಸುಳ್ಳು. ಹಿಂದಿನ ಕಾಲದ ಕಥೆಯನ್ನು ನಂತರ ಹೇಳುವವನು, ಕೇಳುವವನಿಗೆ ಮುಂದಿನದು ಗೊತ್ತಿದೆ ಎಂದುಕೊಂಡೇ ಹೇಳುತ್ತಾನೆ. ಅಷ್ಟೇಕೆ, 'ದ ಫಸ್ಟ್ ಅವೆಂಜರ್' ಚಿತ್ರವೇ ನಮ್ಮ ಕಾಲದಲ್ಲಿ, ಹಿಮದಡಿ ಸಿಕ್ಕ ವಿಮಾನದಿಂದ ಶುರುವಾಗುತ್ತದೆ. ಕಾಲಕ್ರಮ ಅನ್ನುವವರು ಅದನ್ನೇನು ಕತ್ತರಿಸಿ ಬೇರೆ ಕಡೆ ಅಂಟಿಸುತ್ತಾರೆಯೇ?

ಆದರೆ ಬಿಡುಗಡೆಯ ಕ್ರಮವೂ ಆಕಾಶದಿಂದ ಇಳಿದದ್ದಲ್ಲ. 'ಬ್ಲ್ಯಾಕ್ ವಿಡೋ' ಬರಬೇಕಿದ್ದದ್ದು 2020ರ ಮೇ ತಿಂಗಳಲ್ಲಿ. ಕೋವಿಡ್‌ನಿಂದ 2021ರ ಜುಲೈಗೆ ಹೋಯಿತು. ಅಷ್ಟರಲ್ಲಿ ಅದರ ನಂತರ ಬರಬೇಕಿದ್ದ 'ಫಾಲ್ಕನ್' ಸರಣಿ ಮಾರ್ಚ್‌ನಲ್ಲೇ ಶುರುವಾಗಿ, ವ್ಯಾಲೆಂಟಿನಾ ಮೊದಲು ಕಾಣಿಸಿಕೊಂಡದ್ದು ಅದರ ಐದನೇ ಕಂತಿನಲ್ಲಿ, ವಾಕರ್ ಕೈಗೆ ಖಾಲಿ ಕಾರ್ಡ್ ಇಡುವವಳಾಗಿ. ಯಾರಿಗೂ ಏನೂ ಕೆಡಲಿಲ್ಲ. ಮಾಹಿತಿ ಹಿಂದುಮುಂದಾದರೆ ನಷ್ಟ ಕಡಿಮೆ. ದುಃಖ, ನಗು ಹಿಂದುಮುಂದಾದರೆ ಚಿತ್ರವೇ ಕೆಡುತ್ತದೆ.

ಇದೇ ಕಾರಣಕ್ಕೆ 'ಬ್ಲ್ಯಾಕ್ ವಿಡೋ' ಎಲ್ಲಿಡಬೇಕು ಅನ್ನುವುದು ಮುಖ್ಯ. ಅದರ ಕಥೆ 2016ರ 'ಸಿವಿಲ್ ವಾರ್' ಆದ ಕೂಡಲೇ ನಡೆಯುತ್ತದೆ, ಹಾಗಾಗಿ ಕಾಲಕ್ರಮದವರು ಅದನ್ನು 'ಇನ್ಫಿನಿಟಿ ವಾರ್'ಗಿಂತ ಮೊದಲು ತೂರಿಸುತ್ತಾರೆ. ಒಂದು ಸಣ್ಣ ಲಾಭವೂ ಇದೆ: ಜೇಬು ಜೇಬಿನ ಹಸಿರು ಜಾಕೆಟ್ ಒಂದನ್ನು ಯೆಲೆನಾ ಅಕ್ಕನಿಗೆ ಕೊಡುತ್ತಾಳೆ, 'ಇನ್ಫಿನಿಟಿ ವಾರ್'ನಲ್ಲಿ ನತಾಶಾ ಅದನ್ನೇ ತೊಟ್ಟಿರುತ್ತಾಳೆ. ಆದರೆ ಹೆಸರುಗಳೆಲ್ಲ ಮುಗಿದ ಮೇಲೆ ಬರುವ ಕೊನೆಯ ತುಣುಕು ನತಾಶಾಳ ಸಮಾಧಿಯ ಮುಂದೆ! ಜಾಕೆಟ್ಟಿನ ಆಸೆಗೆ 'ಎಂಡ್‌ಗೇಮ್'ನ ಸಾವನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ. ಅದನ್ನು 'ಎಂಡ್‌ಗೇಮ್' ಆದ ಮೇಲೇ ತೋರಿಸಿ. ಇಲ್ಲದ ಅಕ್ಕನ ಕಥೆ ಅಂತ ಗೊತ್ತಿದ್ದು ನೋಡಿದಾಗ ಆ ಓಹಾಯೋ ಅಂಗಳವೇ ಬೇರೆ ಥರ ಕಾಣುತ್ತದೆ.

ಮನೆಯವರಿಗೆ 'ಎಂಡ್‌ಗೇಮ್' ತನಕದ ಇಪ್ಪತ್ತೆರಡೂ ಬೇಕಿಲ್ಲ. 'ಐರನ್ ಮ್ಯಾನ್', 'ದ ಫಸ್ಟ್ ಅವೆಂಜರ್', ಮೊದಲ 'ಅವೆಂಜರ್ಸ್', 'ವಿಂಟರ್ ಸೋಲ್ಜರ್', ಮೊದಲ 'ಗಾರ್ಡಿಯನ್ಸ್', 'ಸಿವಿಲ್ ವಾರ್', 'ಇನ್ಫಿನಿಟಿ ವಾರ್', 'ಎಂಡ್‌ಗೇಮ್'. ಎಂಟು. ನಗು ಬೇಕೆಂದರೆ 'ಇನ್ಫಿನಿಟಿ ವಾರ್'ಗೆ ಮೊದಲು 'ರ‍್ಯಾಗ್ನರಾಕ್' ಸೇರಿಸಿ, ಅದು ಮುಗಿದಲ್ಲಿಂದಲೇ ಇದು ಶುರುವಾಗುವುದು. ಟೋನಿ ಮತ್ತು ಸ್ಟೀವ್ ನಡುವಿನ ಒಡಕು, ಬಕಿಯ ಹಳೆಯ ಪಾಪ, ಥಾನೋಸ್, ಕೊನೆಯ ಎರಡು ಚಿತ್ರಗಳು ಖರ್ಚು ಮಾಡುವುದು ಇವನ್ನೇ. ವಾರಕ್ಕೊಂದರಂತೆ ಎರಡು ತಿಂಗಳು. ಅಷ್ಟು ವ್ಯವಧಾನ ಇಲ್ಲ, ಮುಂದೆಂದೂ ಹಳೆಯದನ್ನು ನೋಡುವ ಮನಸ್ಸೂ ಇಲ್ಲ ಅಂತ ಅವರೇ ಹೇಳಿದರೆ, 'ಬ್ಲ್ಯಾಕ್ ವಿಡೋ' ಆಮೇಲೆ ನೇರ 'ಥಂಡರ್‌ಬೋಲ್ಟ್ಸ್'. ಬಕಿ ಯಾರೆಂದು ನೀವು ಒಂದು ವಾಕ್ಯ ಹೇಳಿ. ಎರಡರಲ್ಲಿ ಯಾವುದೆಂದು ಅವರನ್ನೇ ಕೇಳಿ, ಮತ್ತು ಅಲ್ಲಿಯ ತನಕ ಈ ಉತ್ತರವನ್ನು ಅವರ ಕಣ್ಣಿಗೆ ಬೀಳಿಸಬೇಡಿ.

ಮುಂದಿನ 'ಅವೆಂಜರ್ಸ್: ಡೂಮ್ಸ್‌ಡೇ' ಬಗ್ಗೆಯೂ ನಿಮ್ಮ ತಮ್ಮ ಪಟ್ಟಿ ಕಳಿಸುತ್ತಾನೆ, ಸಂಶಯವಿಲ್ಲ. ಯೆಲೆನಾಳ ತಂಡ ಅದರಲ್ಲಿ ಇರುವುದಾಗಿ ಪ್ರಕಟವಾಗಿದೆ, ಫೆಂಟಾಸ್ಟಿಕ್ ಫೋರ್ ಕೂಡ. 2025ರ 'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ನಡೆಯುವುದು ಬೇರೆಯದೇ ಭೂಮಿಯಲ್ಲಿ, ಅದಕ್ಕೆ ಯಾವ ಹೋಮ್‌ವರ್ಕೂ ಇಲ್ಲ, ಮಗು ಮಲಗಿದ ಯಾವ ರಾತ್ರಿಯಾದರೂ ಹಾಕಿಕೊಳ್ಳಬಹುದು. 'ಥಂಡರ್‌ಬೋಲ್ಟ್ಸ್' ಮುಗಿದ ಕೂಡಲೇ ಮಾತ್ರ ಟಿವಿ ಆರಿಸಬೇಡಿ. ಹೆಸರುಗಳು ಪೂರ್ತಿ ಸರಿಯುವ ತನಕ ಕೂತಿರಿ, ಆ ಎರಡು ಕಥೆಗಳ ಗಂಟು ಇರುವುದು ಅಲ್ಲೇ.